ಸ್ಟಿಕರ್ ಚಾರ್ಟಾ, ಚೀಟಿಯಾ, ಡಬ್ಬಿಯಾ? ಮಲಗಿಸಿದರೂ ಎದ್ದು ಬರುವ ಮಗುವಿಗೆ ಯಾವುದು ಸರಿ

"ಮಿಸ್, ಮಲಗಿಸಿ ಐದು ನಿಮಿಷ ಆಗಿರಲ್ಲ, ಎದ್ದು ಹಾಲ್‌ಗೆ ಬರ್ತಾನೆ. ನೀರು ಅಂತಾನೆ, ಸೂಸು ಅಂತಾನೆ, ಇನ್ನೊಂದು ಕಥೆ ಅಂತಾನೆ. ಹತ್ತೂಕಾಲು ಆಗೇ ಹೋಗುತ್ತೆ. ಸ್ಟಿಕರ್ ಚಾರ್ಟ್ ಹಾಕಲಾ?"

ನಾನು ಕಲಿಸುವ ಮಾಂಟೆಸ್ಸರಿಯ ಗೇಟಿನ ಹತ್ತಿರ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಕೆಲವರು ಚಾರ್ಟ್ ಹಾಕಿ ಮೂರು ದಿನಕ್ಕೆ ಕಿತ್ತು ಹಾಕಿದ್ದಾರೆ. ಕೆಲವರು ಅಂಗಡಿಯಲ್ಲಿ ಬಣ್ಣದ ಚಾರ್ಟ್ ನೋಡಿ, ಕೊಳ್ಳುವುದೋ ಬೇಡವೋ ಅಂತ ವಾಪಸ್ ಬಂದಿದ್ದಾರೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಮನೆಯಲ್ಲೇ ಮಾಡಬಹುದಾದ ದಾರಿಗಳು ಮುಖ್ಯವಾಗಿ ಮೂರು. ಬೆಳಿಗ್ಗೆ ಸ್ಟಿಕರ್ ಅಂಟಿಸುವ ಚಾರ್ಟ್, ರಾತ್ರಿ ಕೈಗೆ ಕೊಡುವ ಚೀಟಿ, ಮತ್ತೆ ತುಂಬುತ್ತಾ ಹೋಗುವ ಡಬ್ಬಿ. ಮೂರೂ ಒಂದೇ ಅಲ್ಲ. ಒಂದೊಂದು ಒಂದೊಂದು ತೊಂದರೆಗೆ ಆಗಿಬರುತ್ತದೆ.

ಆಯ್ಕೆಗೆ ಮುಂಚೆ ನೋಡಬೇಕಾದ್ದು

ನಾನು ನಾಲ್ಕು ವಿಷಯ ಕೇಳುತ್ತೇನೆ. ಮಗು ಏಳುವುದು ಯಾವಾಗ: ಮಲಗಿಸಿದ ಕೂಡಲೇನಾ, ನಡುರಾತ್ರಿನಾ, ಬೆಳಗಿನ ಜಾವಾನಾ? ಮಗುವಿನ ವಯಸ್ಸು ಎಷ್ಟು, ರಾತ್ರಿ ಹೇಳಿದ ಮಾತು ಬೆಳಿಗ್ಗೆ ನೆನಪಿರುತ್ತದಾ? ಎದ್ದು ಬರುವುದು ಏತಕ್ಕೆ, ನಿದ್ದೆ ಬಾರದೆಯಾ, ಅಮ್ಮ ಬೇಕು ಅಂತಾನಾ, ಭಯಾನಾ? ಕೊನೆಯದು, ಮನೆಯಲ್ಲಿ ಇರುವವರೆಲ್ಲ ಎರಡು ವಾರ ಒಂದೇ ಮಾತಿಗೆ ನಿಲ್ಲುತ್ತಾರಾ?

ಇವುಗಳಿಗಿಂತ ಮುಂಚೆ ಇನ್ನೊಂದು ಲೆಕ್ಕ ಇದೆ. ಹೆಚ್ಚಿನ ಚಾರ್ಟ್‌ಗಳು ಸೋಲುವುದು ಇಲ್ಲೇ.

ಮೂರರಿಂದ ಐದು ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದ ಅಂಕಿ ಇದು. ಹತ್ತಕ್ಕೂ ಹದಿಮೂರಕ್ಕೂ ನಡುವೆ ಮೂರು ಗಂಟೆ ಅಂತರ ಇದೆ, ಗಮನಿಸಿ. ಪಕ್ಕದ ಮನೆ ಮಗು ಎಂಟಕ್ಕೆ ಮಲಗಿತು ಅಂತ ನಿಮ್ಮ ಮಗುವೂ ಎಂಟಕ್ಕೆ ಮಲಗಬೇಕು ಅಂತೇನೂ ಇಲ್ಲ. ನಿಮ್ಮ ಮಗುವಿಗೆ ದಿನಕ್ಕೆ 11 ಗಂಟೆ ಸಾಕು, ಮಧ್ಯಾಹ್ನ ಎರಡು ಗಂಟೆ ಮಲಗುತ್ತದೆ, ಬೆಳಿಗ್ಗೆ ಏಳಕ್ಕೆ ಏಳುತ್ತದೆ ಅಂದುಕೊಳ್ಳಿ. ಹಾಗಾದರೆ ರಾತ್ರಿಗೆ ಉಳಿಯುವುದು ಒಂಬತ್ತು ಗಂಟೆ. ಅಂದರೆ ಅದಕ್ಕೆ ನಿದ್ದೆ ಬರುವುದೇ ಹತ್ತಕ್ಕೆ. ಎಂಟೂವರೆಗೆ ಹಾಸಿಗೆಗೆ ಹಾಕಿದರೆ ಒಂದೂವರೆ ಗಂಟೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರಬೇಕು. ದೊಡ್ಡವರಿಗೇ ಆಗದ ಕೆಲಸ ಅದು, ಅಲ್ವಾ? ಅದೂ ಅಲ್ಲದೆ ನಿದ್ದೆ ಹತ್ತುವುದಕ್ಕೆ ಸ್ವಲ್ಪ ಮುಂಚಿನ ಒಂದೆರಡು ಗಂಟೆ ಮೈ ತುಂಬಾ ಚುರುಕಾಗಿರುತ್ತದೆ. ಆ ಹೊತ್ತಿಗೆ ಮಲಗಿಸಿದರೆ ಮಗು ಕುಣಿದಾಡುವುದು ಹಟದಿಂದ ಅಲ್ಲ.

ಹಾಗಾಗಿ ಮೊದಲು ಐದು ರಾತ್ರಿ ಸುಮ್ನೆ ಬರೆದಿಡಿ. ಎಷ್ಟಕ್ಕೆ ಮಲಗಿಸಿದಿರಿ, ಎಷ್ಟು ಸಲ ಎದ್ದು ಬಂತು, ನಿಜವಾಗಿ ಎಷ್ಟಕ್ಕೆ ನಿದ್ದೆ ಹೋಯಿತು, ಮಧ್ಯಾಹ್ನ ಎಷ್ಟು ಹೊತ್ತು ಮಲಗಿತ್ತು. ಮಲಗಿಸಿದ್ದಕ್ಕೂ ನಿದ್ದೆ ಹೋಗಿದ್ದಕ್ಕೂ ನಡುವೆ ದಿನಾ ಮುಕ್ಕಾಲು ಗಂಟೆಗಿಂತ ಜಾಸ್ತಿ ಇದ್ದರೆ ಮೊದಲು ಹೊತ್ತು ಬದಲಾಯಿಸಿ. ನಿದ್ದೆ ಹೋಗುತ್ತಿದ್ದ ಹೊತ್ತಿಗೆ ಹತ್ತಿರವೇ ಮಲಗಿಸಿ. ಬೆಳಿಗ್ಗೆ ಮಾತ್ರ ದಿನಾ ಒಂದೇ ಹೊತ್ತಿಗೆ ಎಬ್ಬಿಸಿ. ನಿದ್ದೆ ಬೇಗ ಹತ್ತುವ ಹಾಗಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಮಲಗಿಸುತ್ತಾ ಬರಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಬೆಳಗಿನ ಸ್ಟಿಕರ್ ಚಾರ್ಟ್

ಎಲ್ಲರಿಗೂ ಗೊತ್ತಿರುವುದು ಇದು. ರಾತ್ರಿ ಹಾಸಿಗೆಯಲ್ಲೇ ಇದ್ದರೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಸ್ಟಿಕರ್. ಅಂಗಡಿಯ ಚಾರ್ಟ್ ಬೇಕಾಗಿಲ್ಲ. ಹೊಸ ವರ್ಷಕ್ಕೆ ಕಿರಾಣಿ ಅಂಗಡಿಯವರು ಕೊಡುವ ದೊಡ್ಡ ಅಂಕಿಯ ಕ್ಯಾಲೆಂಡರ್ ಮಗುವಿನ ಎತ್ತರಕ್ಕೆ ತೂಗು ಹಾಕಿ, ಆ ದಿನದ ಚೌಕಕ್ಕೆ ಅಂಟಿಸುವ ಬೊಟ್ಟು ಹಚ್ಚಿಸಿ. ಹತ್ತಿಪ್ಪತ್ತು ರೂಪಾಯಿಯ ಒಂದು ಬೊಟ್ಟಿನ ಪ್ಯಾಕೆಟ್ ಸಾಕು.

ಇದು ಕೆಲಸ ಮಾಡಬೇಕಾದರೆ ಏನಕ್ಕೆ ಸ್ಟಿಕರ್ ಅನ್ನುವುದು ಸರಿಯಾಗಿರಬೇಕು. "ಬೇಗ ನಿದ್ದೆ ಮಾಡಿದರೆ ಸ್ಟಿಕರ್" ಅಂದರೆ ತಪ್ಪು. ನಿದ್ದೆ ಯಾರ ಕೈಯಲ್ಲೂ ಇಲ್ಲ. ಬರಲಿಲ್ಲ ಅಂದರೆ ಮಗು ಏನು ಮಾಡೀತು? "ದೀಪ ಆರಿಸಿದ ಮೇಲೆ ಹಾಸಿಗೆ ಮೇಲೇ ಇದ್ದರೆ ಸ್ಟಿಕರ್" ಅನ್ನಿ. ಮೇಲೆ ನೋಡುತ್ತಾ ಹಾಡು ಗುನುಗಿದರೂ, ಗೊಂಬೆ ಜೊತೆ ಪಿಸುಗುಟ್ಟಿದರೂ ಅದು ಗೆದ್ದಂತೆಯೇ. ಕೈಲಾಗುವ ಕೆಲಸಕ್ಕೆ ಮಾತ್ರ ಬಹುಮಾನ.

ಚಾರ್ಟಿನ ದೊಡ್ಡ ಕೊರತೆ ಕಾಯಿಸುವುದು. ತಪ್ಪುವ ಹೊತ್ತು ರಾತ್ರಿ ಒಂಬತ್ತೂವರೆ, ಫಲ ಸಿಗುವುದು ಬೆಳಿಗ್ಗೆ ಏಳಕ್ಕೆ. ಮೂರು ವರ್ಷದ ಮಗುವಿಗೆ ನಾಳೆ ಬೆಳಿಗ್ಗೆ ಅಂದರೆ ಬಹಳ ದೂರ. ಹಾಲ್‌ನಲ್ಲಿ ಟಿವಿ ಸದ್ದು ಕೇಳುತ್ತಿರುವಾಗ ಬೆಳಗಿನ ಬೊಟ್ಟು ಅದನ್ನು ಹಿಡಿದಿಡುವುದಿಲ್ಲ. ನನ್ನ ಅನುಭವದಲ್ಲಿ ಚಾರ್ಟ್ ಚೆನ್ನಾಗಿ ಹಿಡಿಯುವುದು ನಾಲ್ಕು ದಾಟಿದ ಮಕ್ಕಳಿಗೆ. ಅದರಲ್ಲೂ ರಾತ್ರಿಗೆ ಒಂದೆರಡು ಸಲ ಮಾತ್ರ ಏಳುವವರಿಗೆ. ಆರು ಏಳು ಸಲ ಏಳುವ ಮಗುವಿಗೆ "ಒಂದು ಸಲವೂ ಏಳಬಾರದು" ಅನ್ನುವ ಚಾರ್ಟ್ ಕೊಟ್ಟರೆ ಮೊದಲ ಮೂರು ಬೆಳಿಗ್ಗೆಯೂ ಖಾಲಿ ಚೌಕ. ನಾಲ್ಕನೇ ದಿನ ಅದು ಕ್ಯಾಲೆಂಡರ್ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲೆರಡು ದಿನ ಗೆಲ್ಲುವಷ್ಟು ಸುಲಭವಾಗಿಯೇ ಶುರು ಮಾಡಬೇಕು. ಆರು ಸಲ ಏಳುತ್ತಿದ್ದರೆ ಮೂರರೊಳಗೆ ಇದ್ದರೂ ಬೊಟ್ಟು.

ಇನ್ನೊಂದು. ಅಂಟಿಸಿದ ಸ್ಟಿಕರ್ ಕಿತ್ತುಕೊಳ್ಳಬೇಡಿ. ಹಗಲಲ್ಲಿ ತಮ್ಮನಿಗೆ ಹೊಡೆದ ಅಂತ ರಾತ್ರಿಯ ಬೊಟ್ಟು ಕಿತ್ತರೆ, ಗಳಿಸಿದ್ದು ಉಳಿಯಲ್ಲ ಅಂತ ಮಗುವಿಗೆ ಗೊತ್ತಾಗುತ್ತದೆ. ಮತ್ತೆ ಯಾಕೆ ಗಳಿಸಬೇಕು?

ರಾತ್ರಿಯ ಚೀಟಿ

ನನಗೆ ಇಷ್ಟವಾದ ದಾರಿ ಇದು. ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಫ್ರಿಮನ್ ಮತ್ತು ಅವರ ಜೊತೆಗಾರರು 1999ರಲ್ಲಿ ಇದನ್ನು ಮೊದಲು ಬರೆದದ್ದು ಇಬ್ಬರು ಹುಡುಗರ ಮೇಲೆ ನೋಡಿ. 2007ರಲ್ಲಿ ಮೂರರಿಂದ ಆರು ವರ್ಷದ 19 ಮಕ್ಕಳ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಎದ್ದು ಬರುವುದೂ ಕರೆಯುವುದೂ ಅಳುವುದೂ ಕಡಿಮೆಯಾಯಿತು, ಮೂರು ತಿಂಗಳ ನಂತರವೂ ಹಾಗೇ ಉಳಿದಿತ್ತು. ಸಣ್ಣ ಪರೀಕ್ಷೆ ನಿಜ. ಆದರೆ ಬರೀ ಬಾಯಿಮಾತಲ್ಲ, ನೋಡಿ ತಿಳಿದದ್ದು, ಹಾಗಾಗಿ ಇದಕ್ಕೆ ಬೆಲೆ ಇದೆ.

ಮಲಗಿಸುವಾಗ ಮಗುವಿನ ಕೈಗೆ ಒಂದೋ ಎರಡೋ ಚೀಟಿ ಕೊಡಬೇಕು. ಒಂದು ಚೀಟಿಗೆ ಒಂದು ಸಲ ಎದ್ದು ಬರಬಹುದು, ಬಂದು ಒಂದು ಚಿಕ್ಕ ಕೆಲಸ ಕೇಳಬಹುದು: ಒಂದು ಗುಟುಕು ನೀರು, ಒಂದು ಮುತ್ತು, ಹೊದಿಕೆ ಸರಿ ಮಾಡುವುದು. ಚೀಟಿ ವಾಪಸ್ ಕೊಡಬೇಕು. ಚೀಟಿ ಮುಗಿದ ಮೇಲೆ ಎದ್ದು ಬಂದರೆ ಮಾತಿಲ್ಲ, ಬೈಗುಳವಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ಮಲಗಿಸುವುದಷ್ಟೆ. ಬೆಳಿಗ್ಗೆ ಚೀಟಿ ಉಳಿದಿದ್ದರೆ ಅದಕ್ಕೆ ಏನಾದರೂ ಪುಟ್ಟ ಬಹುಮಾನ.

ಇದರ ಒಳಗುಟ್ಟು ಏನೆಂದರೆ, "ಬರಬೇಡ" ಅನ್ನುವ ಮಾತೇ ಇದರಲ್ಲಿ ಇಲ್ಲ. ಬರಲು ಒಪ್ಪಿಗೆ ಇದೆ. ಬೇಕಾದರೆ ಹೋಗಬಹುದು ಅಂತ ಗೊತ್ತಿದ್ದರೆ ಮಗು ಈಗಲೇ ಹೋಗಬೇಕು ಅಂತ ಚಡಪಡಿಸುವುದಿಲ್ಲ. ಚೀಟಿ ಕೈಯಲ್ಲೇ ಇರುವುದರಿಂದ ಬೆಳಿಗ್ಗೆವರೆಗೆ ನೆನಪಿಟ್ಟುಕೊಳ್ಳುವ ಕಷ್ಟವೂ ಇಲ್ಲ. ಅದಕ್ಕೇ ಮೂರು ವರ್ಷ ತುಂಬಿದವರಿಗೂ ನಡೆಯುತ್ತದೆ. ಮೂರರ ಕೆಳಗೆ ಬೇಡ. ಚೀಟಿ ಕೊಟ್ಟರೆ ಮುಗಿಯಿತು ಅನ್ನುವುದು ಆ ವಯಸ್ಸಿಗೆ ಅರ್ಥವಾಗುವುದಿಲ್ಲ.

ನೀರಿನ ವಿಷಯ ಮೊದಲೇ ತೀರ್ಮಾನಿಸಿ. ಮಗು ಈಗಷ್ಟೇ ಡೈಪರ್ ಬಿಟ್ಟಿದ್ದರೆ ಸೂಸುಗೆ ಚೀಟಿ ಕೇಳಬೇಡಿ, ಚೀಟಿ ಉಳಿಸಲು ಹಿಡಿದುಕೊಂಡು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ. ಮಲಗುವ ಮುಂಚೆ ಒಂದು ಸಲ ಕರೆದುಕೊಂಡು ಹೋಗಿ. ನೀರಿನ ಲೋಟ ಹಾಸಿಗೆಯ ಪಕ್ಕದಲ್ಲೇ ಇಡಿ.

ಇದರ ಕಷ್ಟ ಮಗುವಿನದ್ದಲ್ಲ, ಮನೆಯವರದ್ದು. ಚೀಟಿ ಮುಗಿದ ಮೇಲಿನ ಹತ್ತು ನಿಮಿಷ ಎಲ್ಲರೂ ಒಂದೇ ಥರ ಇರಬೇಕು. ಒಬ್ಬರು ಮಾತಿಲ್ಲದೆ ಮಲಗಿಸಿ ಬಂದು, ಇನ್ನೊಬ್ಬರು "ಪಾಪ, ಬಾ" ಅಂತ ತೊಡೆ ಮೇಲೆ ಕೂರಿಸಿಕೊಂಡರೆ ಚೀಟಿ ಬರೀ ಕಾಗದ. ಅಜ್ಜಿ ತಾತನ ಜೊತೆ ಇರುವ ಮನೆಯಲ್ಲಿ ಅವರನ್ನು ಮೊದಲೇ ಕೂರಿಸಿ ಹೇಳಬೇಕು. ಇನ್ನೂ ಒಳ್ಳೆಯದು, ಬೆಳಿಗ್ಗೆ ಉಳಿದ ಚೀಟಿ ತೆಗೆದುಕೊಂಡು ಬಹುಮಾನ ಕೊಡುವ ಕೆಲಸ ಅಜ್ಜಿಗೇ ಬಿಡುವುದು. ಆಗ ಅವರೂ ಈ ಆಟದ ಒಳಗೆ ಬರುತ್ತಾರೆ.

ತುಂಬುವ ಡಬ್ಬಿ

ಒಂದು ಗಾಜಿನ ಡಬ್ಬಿ, ಒಳ್ಳೆಯ ರಾತ್ರಿಗೆ ಒಂದು ಗೋಲಿ, ತುಂಬಿದ ಮೇಲೆ ದೊಡ್ಡ ಬಹುಮಾನ. ಕೇಳಲು ಚೆನ್ನಾಗಿದೆ. ಆದರೆ ನಿದ್ದೆಯ ವಿಷಯಕ್ಕೆ ಮೂರರಲ್ಲಿ ಇದೇ ಹಿಂದೆ. ಹದಿನೈದು ಗೋಲಿ ಅಂದರೆ ಹದಿನೈದು ರಾತ್ರಿ, ನಾಲ್ಕು ವರ್ಷದ ಮಗುವಿನ ಲೆಕ್ಕದಲ್ಲಿ ಅದು ಮುಂದಿನ ಯುಗಾದಿ. ಐದು ದಾಟಿದ, ಎಣಿಸಲು ಬರುವ ಮಗುವಿಗೆ ಮಾತ್ರ ಇದು ಸರಿ. ಇಬ್ಬರು ಮಕ್ಕಳಿರುವ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ, ಇಬ್ಬರ ಗೋಲಿಯೂ ಒಂದೇ ಡಬ್ಬಿಗೆ ಬಿದ್ದರೆ ಜಗಳ ಕಡಿಮೆ. ಡಬ್ಬಿ ಚಿಕ್ಕದಿರಲಿ, ಐದಾರು ಗೋಲಿಗೆ ತುಂಬಲಿ. ಮನೆಯಲ್ಲಿ ಮೂರರ ಒಳಗಿನ ಕೂಸಿದ್ದರೆ ಗೋಲಿಯೂ ಬೇಡ, ಹುಣಸೆ ಬೀಜವೂ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ.

ನನ್ನ ಮಗಳ ರಾತ್ರಿಗಳು

ಅವಳಿಗೆ ಆಗ ನಾಲ್ಕು ವರ್ಷ ಎರಡು ತಿಂಗಳು. ಎಂಟೂವರೆಗೆ ಮಲಗಿಸುತ್ತಿದ್ದೆ. ಐದು ರಾತ್ರಿ ಬರೆದಿಟ್ಟಾಗ ಎದ್ದು ಬಂದದ್ದು ಆರು, ಐದು, ಏಳು, ನಾಲ್ಕು, ಆರು ಸಲ. ನಿದ್ದೆ ಹೋಗುತ್ತಿದ್ದದ್ದು ಹತ್ತರಿಂದ ಹತ್ತೂಕಾಲರ ಒಳಗೆ. ಅತ್ತೆ ಅವಳನ್ನು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿಸುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಎದ್ದುಬಿಡುತ್ತಿದ್ದಳು. ಕೂಡಿದರೆ ಹನ್ನೊಂದು ಗಂಟೆಗೆ ಸ್ವಲ್ಪ ಕಡಿಮೆ. ಅವಳಿಗೆ ಅಷ್ಟೇ ಬೇಕಾಗಿತ್ತು. ನಾನು ಹನ್ನೆರಡೂವರೆ ಗಂಟೆ ಮಲಗಿಸಲು ಹೋರಾಡುತ್ತಿದ್ದೆ.

ಅತ್ತೆಗೆ ಆ ಬರೆದಿಟ್ಟ ಲೆಕ್ಕ ತೋರಿಸಿದೆ. "ಮೂರಕ್ಕೇ ಎಬ್ಬಿಸ್ತೀನಿ ಬಿಡಮ್ಮ" ಅಂದರು. ಮಧ್ಯಾಹ್ನದ ನಿದ್ದೆ ಒಂದು ಗಂಟೆಗೆ ಇಳಿಯಿತು, ರಾತ್ರಿ ಮಲಗುವುದು ಒಂಬತ್ತೂವರೆಗೆ ಹೋಯಿತು. ಐದು ದಿನಕ್ಕೆ ಏಳುವುದು ಎರಡು ಮೂರು ಸಲಕ್ಕೆ ಬಂತು, ಬೇರೆ ಏನೂ ಮಾಡದೆ. ಆಮೇಲೇ ಬಹುಮಾನದ ಮಾತು.

ಹಳೆಯ ಲಗ್ನಪತ್ರಿಕೆ ಕತ್ತರಿಸಿ ಎರಡು ಚೀಟಿ ಮಾಡಿದೆವು. ಒಂದರ ಮೇಲೆ ಅವಳು ಆನೆ ಬರೆದಳು, ಇನ್ನೊಂದರ ಮೇಲೆ ತನ್ನದೇ ಹೆಸರಿನ ಮೊದಲ ಅಕ್ಷರ, ತಲೆಕೆಳಗಾಗಿ. ಮೊದಲ ರಾತ್ರಿ ಹತ್ತೇ ನಿಮಿಷದಲ್ಲಿ ಎರಡೂ ಖರ್ಚು. ಮೂರನೇ ಸಲ ಬಂದಾಗ ಕೈ ಹಿಡಿದು, "ಚೀಟಿ ಮುಗೀತು, ಮಲಗೋ ಹೊತ್ತು" ಅಂತ ಒಂದೇ ಮಾತು ಹೇಳಿ ಮಲಗಿಸಿದೆ. ನಾಲ್ಕನೇ ಸಲವೂ ಅಷ್ಟೇ, ಈ ಸಲ ಮಾತೂ ಇಲ್ಲ. ಅತ್ತಳು. ಬಾಗಿಲ ಹೊರಗೆ ನಿಂತಿದ್ದ ನನಗೂ ಕಷ್ಟವಾಯಿತು. ಎರಡನೇ ರಾತ್ರಿ ಇನ್ನೂ ಜೋರು. ಹೀಗಾಗುವುದು ಸಹಜ. ಮೊದಲು ನಡೆಯುತ್ತಿದ್ದದ್ದು ನಡೆಯದೆ ಹೋದಾಗ ಮಗು ಇನ್ನೂ ಜೋರಾಗಿ ಒಂದು ಸಲ ನೋಡುತ್ತದೆ. ಅಲ್ಲಿ ಸೋತರೆ, ಜೋರಾಗಿ ಅತ್ತರೆ ಸಿಗುತ್ತದೆ ಅಂತ ನಾವೇ ಕಲಿಸಿದ ಹಾಗೆ.

ನಾಲ್ಕನೇ ಬೆಳಿಗ್ಗೆ ಆನೆಯ ಚೀಟಿ ಮುಷ್ಟಿಯಲ್ಲಿ ಮುದುಡಿಕೊಂಡು ಅಡುಗೆಮನೆಗೆ ಓಡಿ ಬಂದಳು. "ಅಜ್ಜೀ, ಉಳೀತು!" ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕ್ಯಾಲೆಂಡರಿಗೆ ಕೆಂಪು ಬೊಟ್ಟು ಹಚ್ಚಿಸಿದರು. ಆ ದಿನ ಸಂಜೆ ಯಾವ ತಿಂಡಿ ಅಂತ ಹೇಳುವ ಹಕ್ಕು ಅವಳದ್ದು. ಮಂಡಕ್ಕಿ ಒಗ್ಗರಣೆ ಅಂದಳು. ನಮ್ಮ ಮನೆಯ ಬಹುಮಾನ ಅಷ್ಟೇ ಆಗಿತ್ತು. ದೊಡ್ಡ ಆಟಿಕೆ ಇಟ್ಟರೆ ಬಹುಮಾನ ಸಿಗದ ದಿನದ ರಂಪವೂ ಅಷ್ಟೇ ದೊಡ್ಡದಾಗುತ್ತದೆ. ಸಿಹಿ ಮತ್ತು ಮೊಬೈಲನ್ನು ಬಹುಮಾನ ಮಾಡಬೇಡಿ, ಆಮೇಲೆ ಅದನ್ನು ಬಿಡಿಸಲು ಇನ್ನೊಂದು ಚಾರ್ಟ್ ಬೇಕಾಗುತ್ತದೆ. ಒಂಬತ್ತನೇ ರಾತ್ರಿಗೆ ಎರಡೂ ಚೀಟಿ ಉಳಿದವು.

ಇವೆಲ್ಲ ಬೇಡವಾದ ಮಕ್ಕಳು

ಕೆಲವು ಸಲ ಎಷ್ಟು ಒಳ್ಳೆಯ ಬಹುಮಾನ ಇಟ್ಟರೂ ಅದು ಅನ್ಯಾಯವೇ, ಯಾಕೆಂದರೆ ಮಗುವಿನ ಕೈಯಲ್ಲಿ ಏನೂ ಇಲ್ಲ.

ದಿನಾ ಜೋರಾಗಿ ಗೊರಕೆ ಹೊಡೆಯುವ, ಬಾಯಲ್ಲಿ ಉಸಿರಾಡುವ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಎಳೆದ ಹಾಗೆ ಕೇಳಿಸುವ ಮಗುವನ್ನು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮೂಗಿನ ಹಿಂದಿನ ಅಡೆನಾಯ್ಡ್ ಅಥವಾ ಟಾನ್ಸಿಲ್ ಊದಿರಬಹುದು. ಮಲಗಿದರೆ ಕಾಲು ಒದರುವ, "ಕಾಲಲ್ಲಿ ಇರುವೆ ಹರಿದ ಹಾಗೆ ಆಗುತ್ತೆ" ಅನ್ನುವ, ಕಾಲು ಒತ್ತಿಸಿಕೊಳ್ಳುವ ಮಗುವಿಗೆ ಕಬ್ಬಿಣದ ಅಂಶ ಕಡಿಮೆ ಇರಬಹುದು. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ, ಹಾಗಾಗಿ ರಕ್ತ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳುವುದು ಅತಿಯಾಗುವುದಿಲ್ಲ. ನಿದ್ದೆ ಹೋಗಿ ಒಂದೆರಡು ಗಂಟೆಗೆ ಕಿರುಚಿ ಏಳುವ, ಕಣ್ಣು ಬಿಟ್ಟಿದ್ದರೂ ನಿಮ್ಮ ಗುರುತು ಹಿಡಿಯದ, ಬೆಳಿಗ್ಗೆ ಏನೂ ನೆನಪಿಲ್ಲದ ಮಗು ಎಚ್ಚರವಾಗಿಯೇ ಇರುವುದಿಲ್ಲ. ನಿದ್ದೆಯಲ್ಲಿ ಎದ್ದದ್ದಕ್ಕೆ ಸ್ಟಿಕರ್ ತಪ್ಪಿಸಿದರೆ ಅದಕ್ಕೆ ಏನು ಗೊತ್ತಾಗಬೇಕು?

ಭಯ ಇನ್ನೊಂದು. ಕತ್ತಲೆಗೆ ನಡುಗುವ ಮಗು ಬಹುಮಾನದ ಆಸೆಗೆ ಭಯ ನುಂಗಿಕೊಂಡು ಬಿದ್ದಿರಬಹುದು. ಹೊರಗೆ ಗೆದ್ದ ಹಾಗೆ ಕಾಣುತ್ತದೆ, ಒಳಗೆ ಭಯ ಹಾಗೇ ಇರುತ್ತದೆ. ಅದಕ್ಕೆ ಬೇಕಾದ್ದು ಪಕ್ಕದಲ್ಲಿ ಒಬ್ಬರು, ಒಂದು ಮಂದ ದೀಪ. ಹೊಸ ಕೂಸು ಬಂದ ಮನೆ, ಹೊಸದಾಗಿ ಶಾಲೆಗೆ ಸೇರಿದ ವಾರ, ಜ್ವರ ಬಿಟ್ಟ ಎರಡು ಮೂರು ದಿನವೂ ಹಾಗೆಯೇ. ಸ್ವಲ್ಪ ತಡೆದು ಶುರು ಮಾಡಿ.

ಅಮ್ಮನ ಪಕ್ಕ ಮಲಗುವುದು ಇಲ್ಲಿ ತಪ್ಪಿನ ಪಟ್ಟಿಯಲ್ಲಿ ಇಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುತ್ತೇವೆ. ಅಂಥ ಕಡೆ ಚೀಟಿಯ ಮಾತು "ನಿನ್ನ ಹಾಸಿಗೆಯಲ್ಲಿ ಇರು" ಬದಲು "ದೀಪ ಆರಿದ ಮೇಲೆ ಚಾಪೆ ಬಿಟ್ಟು ಹಾಲ್‌ಗೆ ಹೋಗಬೇಡ" ಅಂತ ಇರಲಿ. ಮತ್ತೆ ಹಾಲ್‌ನಲ್ಲಿ ಟಿವಿ ಓಡುತ್ತಿದ್ದರೆ ಅದನ್ನು ಮೊದಲು ಆರಿಸಿ.

ಹಾಗಾದರೆ ನಿಮಗೆ ಯಾವುದು

ಮಲಗಿಸಿದ ಕೂಡಲೇ ಮೇಲಿಂದ ಮೇಲೆ ಎದ್ದು ಬರುವ, ಮೂರು ತುಂಬಿದ ಮಗುವಿಗೆ ಚೀಟಿ. ನಾಲ್ಕು ದಾಟಿ, ಒಂದೆರಡು ಸಲ ಮಾತ್ರ ಏಳುವ ಮಗುವಿಗೆ ಬೆಳಗಿನ ಸ್ಟಿಕರ್ ಸಾಕು. ಮನೆಯಲ್ಲಿ ಒಬ್ಬರೇ ದೊಡ್ಡವರಿದ್ದು, ರಾತ್ರಿ ಪದೇ ಪದೇ ಎದ್ದು ಕರೆದುಕೊಂಡು ಹೋಗಲು ತ್ರಾಣ ಇಲ್ಲದಿದ್ದರೂ ಸ್ಟಿಕರೇ ಹಗುರ, ಫಲ ಸ್ವಲ್ಪ ನಿಧಾನವಾದರೂ. ಐದು ದಾಟಿದ ಮಗು, ಇಬ್ಬರು ಮಕ್ಕಳು ಇದ್ದರೆ ಚಿಕ್ಕ ಡಬ್ಬಿ. ಬೆಳಗಿನ ಜಾವ ಐದಕ್ಕೇ ಎದ್ದು ಕೂರುವ ಮಗುವಿಗೆ ಹೊತ್ತು ಗೊತ್ತಾಗುವುದಿಲ್ಲ. ಆರೂವರೆಗೆ ತಾನೇ ಹೊತ್ತಿಕೊಳ್ಳುವ ಹಾಗೆ ಟೈಮರ್ ಪ್ಲಗ್‌ಗೆ ಒಂದು ಸಣ್ಣ ದೀಪ ಹಾಕಿ, "ದೀಪ ಬಂದ ಮೇಲೆ ಏಳಬಹುದು" ಅನ್ನಿ. ಆಮೇಲೆ ಸ್ಟಿಕರ್.

ಯಾವುದೇ ಆಗಲಿ ಎರಡು ವಾರ ಕೊಡಿ. ಎಣಿಸಿದ ಅಂಕಿ ಇಳಿಯದಿದ್ದರೆ ನಿಲ್ಲಿಸಿ, ಮತ್ತೆ ಹೊತ್ತಿನ ಲೆಕ್ಕ ನೋಡಿ. ಇಳಿದರೆ, ಸುಮಾರು ಹತ್ತು ಒಳ್ಳೆಯ ರಾತ್ರಿಯ ನಂತರ ಬಹುಮಾನ ಕಡಿಮೆ ಮಾಡಲು ಶುರು ಮಾಡಿ. ಮೊದಲು ಎರಡು ರಾತ್ರಿಗೊಂದು ಬೊಟ್ಟು, ಆಮೇಲೆ ನೆನಪಾದಾಗೊಂದು, ಆಮೇಲೆ ಬರೀ "ರಾತ್ರಿ ನೀನೇ ಮಲಗಿದ್ದೆ" ಅನ್ನುವ ಮಾತು. ಕಥೆ ಹೇಳುವುದನ್ನೂ ಅಪ್ಪಿಕೊಳ್ಳುವುದನ್ನೂ ಮಾತ್ರ ಯಾವತ್ತೂ ಬಹುಮಾನ ಮಾಡಬೇಡಿ, ತಪ್ಪಿದ ದಿನವೂ ಅವು ಸಿಗಬೇಕು. ಮಗುವಿಗೆ ತಾನಾಗಿಯೇ ಇಷ್ಟವಾದ ಕೆಲಸಕ್ಕೂ ಬಹುಮಾನ ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಪ್ರಶಸ್ತಿ ಕೊಡುತ್ತೇವೆ ಅಂತ ಹೇಳಿ ಬರೆಸಿದರು. ಆಮೇಲೆ ಆ ಮಕ್ಕಳು ತಾವಾಗಿ ಬರೆಯುವುದು ಕಡಿಮೆಯಾಯಿತು. ಹಾಸಿಗೆಯಲ್ಲಿ ಸುಮ್ಮನೆ ಬಿದ್ದಿರುವುದು ಯಾವ ಮಗುವಿಗೂ ಅಷ್ಟು ಇಷ್ಟದ ಕೆಲಸ ಅಲ್ಲ, ಹಾಗಾಗಿ ಅಲ್ಲಿ ಆ ಹೆದರಿಕೆ ಕಡಿಮೆ. ಪುಸ್ತಕ ತೆರೆಯುವುದಕ್ಕೆ ಮಾತ್ರ ಬೊಟ್ಟು ಹಚ್ಚಲು ಹೋಗಬೇಡಿ.

ನನ್ನ ಮಗಳು ನಾಲ್ಕನೇ ವಾರ ಚೀಟಿ ಕೇಳುವುದನ್ನೇ ಬಿಟ್ಟಳು. ನಾನೂ ನೆನಪಿಸಲಿಲ್ಲ. ಒಂದು ಭಾನುವಾರ ದಿಂಬಿನ ಕವರ್ ಒಗೆಯಲು ತಿರುಗಿಸಿದಾಗ ಒಳಗಿಂದ ಆನೆಯ ಚೀಟಿ ಬಿತ್ತು, ಮೂಲೆ ಮಡಚಿಕೊಂಡು. ಕೊಟ್ಟರೆ, "ಇದು ನಿಂಗೆ ಇಟ್ಕೋ ಅಮ್ಮ, ನಿಂಗೆ ರಾತ್ರಿ ಎದ್ದು ಬರ್ಬೇಕು ಅನ್ಸಿದ್ರೆ" ಅಂದಳು.